ಕಬ್ಬಿಣದ ಕಪ್ಪು, ರಕ್ತದ ಕಪ್ಪು: ಅಡಿಕೆ ತೋಟದ ಒಬ್ಬರ ಹೊಟ್ಟೆಹುಣ್ಣಿನ ಪ್ರಕರಣ

ಜುಲೈ ತಿಂಗಳ ಎರಡನೇ ವಾರ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಅಂಥ ಒಂದು ಬೆಳಿಗ್ಗೆ 61 ವರ್ಷದ ತೋಟದ ಯಜಮಾನರೊಬ್ಬರನ್ನು ಹೆಂಡತಿ ಮತ್ತು ಮಗ ಜೀಪಿನಲ್ಲಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ರೋಗದ ಕಥೆ ಇದ್ದ ಹಾಗೆಯೇ ಇದೆ.

ಅವರು ಹೇಳಿದ ತೊಂದರೆ ಹೊಟ್ಟೆಯದ್ದಲ್ಲ. "ಸುಸ್ತು ಡಾಕ್ಟ್ರೇ, ಅಂಗಳದಿಂದ ತೋಟಕ್ಕೆ ಇಳಿದು ಹತ್ತಿ ಬರ್ಲಿಕ್ಕೆ ಆಗುದಿಲ್ಲ. ನಿಂತ್ರೆ ಕಣ್ಣು ಕಪ್ಪಾಗ್ತದೆ." ಮೂರು ವಾರದಿಂದ ಸುಸ್ತು ಇತ್ತು. ರಕ್ತ ಕಡಿಮೆಯಾಗಿರಬೇಕೆಂದು ಸಂಬಂಧಿಕರೊಬ್ಬರು ಹೇಳಿದ್ದರಿಂದ ಹತ್ತು ದಿನದಿಂದ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರು. ಮಲದ ಬಣ್ಣ ಹೇಗಿದೆ ಎಂದು ಕೇಳಿದೆ. "ಕಪ್ಪು. ಅದು ಆ ಮಾತ್ರೆದ್ದು ಅಲ್ವಾ, ಅದ್ರಲ್ಲಿ ಎಂತ ಇಲ್ಲ" ಎಂದರು.

ಕಬ್ಬಿಣದ ಮಾತ್ರೆ ತಿಂದವರ ಮಲ ಕಪ್ಪಾಗುವುದು ನಿಜವೇ. ಆದ್ದರಿಂದ ಆ ಮಾತು ಕೇಳಿದವರು ಯಾರೂ ಮುಂದಕ್ಕೆ ಪ್ರಶ್ನೆ ಕೇಳಿರಲಿಲ್ಲ. ನಾನು ಅಕ್ಕ ಎಂದೇ ಕರೆಯುವ ಅವರ ಹೆಂಡತಿಯ ಕಡೆ ತಿರುಗಿ ಇನ್ನೆರಡು ಪ್ರಶ್ನೆ ಕೇಳಿದೆ. ಪಾಯಿಖಾನೆಗೆ ನೀರು ಹೊಯ್ದರೆ ಒಂದೇ ಸಲಕ್ಕೆ ಹೋಗುತ್ತದಾ? ವಾಸನೆ ಎಂದಿನಂತೆಯೇ ಇದೆಯಾ? ಅಕ್ಕ ಸ್ವಲ್ಪ ಹಿಂಜರಿದು ಹೇಳಿದರು: "ಟಾರಿನ ಹಾಗೆ ಹಿಡ್ಕೊಳ್ತದೆ, ಎರಡು ಬಕೆಟ್ ನೀರು ಬೇಕು. ವಾಸನೆ ಅಂತೂ ಹೇಳ್ಲಿಕ್ಕಿಲ್ಲ, ನಾಲ್ಕು ದಿನ ಆಯ್ತು, ಬಾಗಿಲು ತೆರೆಯುವ ಹಾಗೆ ಇಲ್ಲ."

ಆ ಉತ್ತರದಲ್ಲೇ ರೋಗನಿರ್ಣಯದ ಅರ್ಧ ಭಾಗ ಇತ್ತು. ಕಬ್ಬಿಣದಿಂದ ಕಪ್ಪಾದ ಮಲ ಸಾಧಾರಣವಾಗಿ ಗಟ್ಟಿಯಾಗಿಯೇ ಇರುತ್ತದೆ, ಬಣ್ಣದಲ್ಲಿ ಒಂದಿಷ್ಟು ಹಸಿರು ಛಾಯೆ, ವಾಸನೆಯಲ್ಲಿ ವಿಶೇಷ ಇಲ್ಲ. ಜಠರದಲ್ಲಿ ಅಥವಾ ಅದರ ಮುಂದಿನ ಸಣ್ಣಕರುಳಿನ ಮೊದಲ ಭಾಗದಲ್ಲಿ ಒಸರಿದ ರಕ್ತ ಆಮ್ಲದಿಂದಲೂ ಕರುಳಿನ ರಸ, ಬ್ಯಾಕ್ಟೀರಿಯಾಗಳಿಂದಲೂ ಜೀರ್ಣವಾಗಿ ಕೆಳಗೆ ಬರುವಾಗ ಕರ್ರಗೆ, ಹೊಳೆಯುವಂತೆ, ಮೆತ್ತಗೆ, ಅಂಟಂಟಾಗಿ ಬರುತ್ತದೆ. ಅದರ ದುರ್ನಾತ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ. 50ರಿಂದ 100 ಮಿಲಿಲೀಟರ್ ರಕ್ತ, ಎಂದರೆ ಅರ್ಧ ಲೋಟದಷ್ಟು, ಒಳಗೆ ಹೋದರೂ ಮಲ ಹೀಗಾಗಬಹುದು. ಕೈಗವಸು ಹಾಕಿ ಗುದಪರೀಕ್ಷೆ ಮಾಡಿದೆ. ಬೆರಳಿಗೆ ಹತ್ತಿದ್ದು ಅಕ್ಕ ಹೇಳಿದ ಹಾಗೆಯೇ ಇತ್ತು.

ಮಲಗಿದಲ್ಲಿ ರಕ್ತದೊತ್ತಡ 118/74, ನಾಡಿ ನಿಮಿಷಕ್ಕೆ 88. ಕಾಗದದ ಮೇಲೆ ನೋಡಿದರೆ ಭಯಪಡುವಂಥದ್ದೇನೂ ಇಲ್ಲ. ಆದರೆ ಇವರಿಗೆ ನಾಲ್ಕು ವರ್ಷ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ಆಸ್ಪಿರಿನ್ 75 ಮತ್ತು ಮೆಟೊಪ್ರೊಲಾಲ್ ಮಾತ್ರೆ ನಡೆಯುತ್ತಿದೆ. ಮೆಟೊಪ್ರೊಲಾಲ್ ಹೃದಯದ ಬಡಿತ ಏರದಂತೆ ಹಿಡಿದಿಡುವ ಔಷಧ. ರಕ್ತ ಕಳೆದುಕೊಂಡ ದೇಹ ನಾಡಿಯನ್ನು ಓಡಿಸಲು ಹೊರಟರೂ ಅದು ಬಿಡುವುದಿಲ್ಲ. ಹಾಗಾಗಿ 88 ಎಂಬ ಅಂಕಿಯನ್ನು ನಂಬದೆ, ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರನ್ನು ಮೆಲ್ಲನೆ ಕೂರಿಸಿ ಮತ್ತೆ ನಿಲ್ಲಿಸಿದೆ. ಎರಡನೇ ನಿಮಿಷಕ್ಕೆ ಮೇಲಿನ ಒತ್ತಡ 92ಕ್ಕೆ ಇಳಿಯಿತು, ಅವರು ಮಂಚ ಹಿಡಿದುಕೊಂಡರು. ಒಳಗೆ ರಕ್ತ ಸೋರುತ್ತಿದೆ ಎನ್ನಲು ಇನ್ನು ಅನುಮಾನ ಉಳಿಯಲಿಲ್ಲ.

ಹತ್ತಿರದ ಲ್ಯಾಬಿನಲ್ಲಿ ಹಿಮೋಗ್ಲೋಬಿನ್ 8.6 ಬಂತು. ರಕ್ತದ ಯೂರಿಯಾ 68, ಕ್ರಿಯಾಟಿನಿನ್ ಮಾತ್ರ 1.0. ಮೂತ್ರಪಿಂಡ ಸರಿಯಿದ್ದೂ ಯೂರಿಯಾ ಏರಿರುವುದು ಇನ್ನೊಂದು ಸುಳಿವು: ಕರುಳಿಗೆ ಇಳಿದ ರಕ್ತವೂ ಒಂದು ಪ್ರೋಟೀನು, ಅದು ಜೀರ್ಣವಾದಾಗ ಯೂರಿಯಾ ಹೆಚ್ಚುತ್ತದೆ. ಹಿಮೋಗ್ಲೋಬಿನ್ ಬಗ್ಗೆ ಒಂದು ಎಚ್ಚರಿಕೆ ಬೇಕು. ರಕ್ತ ಹೋದ ತಕ್ಷಣ ಅದು ಇಳಿಯುವುದಿಲ್ಲ, ಏಕೆಂದರೆ ಉಳಿದ ರಕ್ತ ಹಿಂದಿನಷ್ಟೇ ದಪ್ಪವಾಗಿರುತ್ತದೆ. ದೇಹದ ನೀರು ರಕ್ತನಾಳಕ್ಕೆ ಬಂದು ಸೇರಿದ ಮೇಲೆ, ಎಷ್ಟೋ ತಾಸು ಕಳೆದು, ನಿಜವಾದ ಲೆಕ್ಕ ಕಾಣುತ್ತದೆ. ಇವರದ್ದು ಅದೇ ರಾತ್ರಿ 7.1 ಇತ್ತು.

ಎರಡೂ ಕೈಗೆ ದಪ್ಪ ಸೂಜಿ ಹಾಕಿ ಸಲೈನ್ ಬಿಟ್ಟು, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದೆ. ಅದಕ್ಕೆ ಮೊದಲು ಅವರ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಲು ಹೇಳಿದ್ದೆ.

ಮಾತ್ರೆಗಳ ಚೀಲ

ಚೀಲದಿಂದ ಆಸ್ಪಿರಿನ್, ಮೆಟೊಪ್ರೊಲಾಲ್, ಕಬ್ಬಿಣ, "ಗ್ಯಾಸಿನ" ಪ್ಯಾಂಟೊಪ್ರಜೋಲ್, ಗುಲಾಬಿ ಬಣ್ಣದ ಆಂಟಾಸಿಡ್ ಬಾಟಲಿ ಬಂದವು. ಕೊನೆಗೆ ಅರ್ಧ ಖಾಲಿಯಾದ ಒಂದು ಪಟ್ಟಿ ಬಂತು: ಅಸಿಕ್ಲೋಫೆನಾಕ್ 100 ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ. ಗಂಟುನೋವಿಗೆಂದು ಮೆಡಿಕಲ್ ಶಾಪಿನಿಂದ ತಂದದ್ದು, ದಿನಕ್ಕೆ ಎರಡು, ಎರಡು ತಿಂಗಳಿಂದ. ಮದ್ದು ಬಿಡುವ ಸಮಯದಲ್ಲಿ ಮೊಣಕಾಲು ಕೈಕೊಡಬಾರದೆಂದು ಶುರು ಮಾಡಿದ್ದಂತೆ. ಹಿಂದಿನ ವರ್ಷ ಇದೇ ಮನುಷ್ಯ ಎದೆಯ ಕೆಳಗೆ ಉರಿ ಎಂದು ಬಂದಾಗ ಪ್ಯಾಂಟೊಪ್ರಜೋಲ್ ಬರೆದುಕೊಟ್ಟವನು ನಾನು. ನೋವಿಗೆ ಏನಾದರೂ ತಿನ್ನುತ್ತೀರಾ ಎಂದು ಅಂದು ನಾನು ಕೇಳಿರಲಿಲ್ಲ, ಆಸ್ಪಿರಿನ್ ತಿನ್ನುವ ಮನುಷ್ಯನ ಜಠರದಲ್ಲಿ ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷಿಸಲೂ ಇಲ್ಲ. ಈ ಎರಡೂ ನನ್ನ ತಪ್ಪು, ಇದನ್ನು ಬರೆಯುವುದಕ್ಕೂ ಅದೇ ಕಾರಣ.

ಜಠರದ ಆಮ್ಲ ತನ್ನದೇ ಗೋಡೆಯನ್ನು ಸುಡದಿರುವುದಕ್ಕೆ ಗೋಡೆಯ ಮೇಲೆ ಹರಡಿರುವ ಲೋಳೆ, ಅದರೊಳಗಿನ ಬೈಕಾರ್ಬೊನೇಟ್, ಒಳಗಿನಿಂದ ನಿರಂತರ ಹರಿಯುವ ರಕ್ತ ಕಾರಣ. ಇವನ್ನೆಲ್ಲ ನಡೆಸಿಕೊಂಡು ಹೋಗುವುದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು. ಗಂಟಿನ ಊತ, ನೋವಿಗೂ ಅದೇ ಬಳಗದ ರಾಸಾಯನಿಕಗಳು ಬೇಕು. ನೋವಿನ ಮಾತ್ರೆ ಗಂಟಿನಲ್ಲಿ ಅವುಗಳ ತಯಾರಿ ನಿಲ್ಲಿಸುವಾಗ ಜಠರದಲ್ಲೂ ನಿಲ್ಲಿಸುತ್ತದೆ. ಈ ಕೆಲಸ ನಡೆಯುವುದು ಮುಖ್ಯವಾಗಿ ರಕ್ತದ ಮೂಲಕ. ಹಾಗಾಗಿ ಇಂಜೆಕ್ಷನ್ ಆದರೆ ಹೊಟ್ಟೆಗೆ ಏನೂ ಆಗದು, ಊಟದ ಮೇಲೆ ತಿಂದರೆ ಉಷ್ಣವಿಲ್ಲ, ಲೇಪನ ಇರುವ ಆಸ್ಪಿರಿನ್ ಆದರೆ ತೊಂದರೆಯಿಲ್ಲ ಎಂಬ ಮೂರು ಮಾತೂ ನಿಲ್ಲುವುದಿಲ್ಲ. ಊಟದ ಮೇಲೆ ತಿಂದರೆ ಹೊಟ್ಟೆ ಕಸಿವಿಸಿ ಕಡಿಮೆಯಾಗಬಹುದು, ಹುಣ್ಣು ತಪ್ಪುವುದಿಲ್ಲ. ಆಸ್ಪಿರಿನ್ ಜೊತೆಗೆ ಅಸಿಕ್ಲೋಫೆನಾಕ್ ಬಿದ್ದರೆ ಅಪಾಯ ಇನ್ನೂ ಹೆಚ್ಚು. ಆಸ್ಪಿರಿನ್ ರಕ್ತದ ಕಿರುಬಿಲ್ಲೆಗಳು ಅಂಟಿಕೊಳ್ಳುವುದನ್ನೂ ತಡೆಯುವುದರಿಂದ, ಸಣ್ಣ ಹುಣ್ಣು ಒಡೆದರೂ ಒಸರು ಬೇಗ ನಿಲ್ಲುವುದಿಲ್ಲ. ಇನ್ನೊಂದು ಮೋಸವೂ ಇದೆ: ನೋವಿನ ಮಾತ್ರೆ ಹುಣ್ಣಿನ ನೋವನ್ನೂ ಮುಚ್ಚಿಬಿಡಬಹುದು. ವಯಸ್ಸಾದ ಎಷ್ಟೋ ಮಂದಿಗೆ ಹೊಟ್ಟೆಹುಣ್ಣಿನ ಮೊದಲ ಸುದ್ದಿ ಕಪ್ಪು ಮಲ, ಅಥವಾ ಕಾಫಿಪುಡಿಯ ಗಷ್ಟಿನಂಥ ವಾಂತಿ.

ಪ್ಯಾಂಟೊಪ್ರಜೋಲ್ ಇತ್ತಲ್ಲ, ಅದು ಕಾಯಲಿಲ್ಲವೇ ಎಂದು ಮಗ ಕೇಳಿದ. ಉರಿ ಬಂದ ದಿನ ಮಾತ್ರ, ರಾತ್ರಿ ಊಟ ಆದ ಮೇಲೆ ಒಂದು ನುಂಗುತ್ತಿದ್ದರು. ಈ ಔಷಧ ತಡೆಯುವುದು ಕೆಲಸದಲ್ಲಿ ತೊಡಗಿದ ಆಮ್ಲದ ಪಂಪುಗಳನ್ನು ಮಾತ್ರ, ಪಂಪುಗಳು ಏಳುವುದು ಊಟಕ್ಕೆ. ಆದ್ದರಿಂದ ತಿಂಡಿಗೆ ಅರ್ಧ ಗಂಟೆ ಮೊದಲೇ ನುಂಗಬೇಕು, ಆಗ ತಿನ್ನುವ ಹೊತ್ತಿಗೆ ರಕ್ತದಲ್ಲಿ ಔಷಧ ಇರುತ್ತದೆ. ಪೂರ್ಣ ಪ್ರಭಾವಕ್ಕೆ ನಾಲ್ಕೈದು ದಿನ ತಪ್ಪದೆ ಬೇಕು. ಉರಿ ಬಂದಾಗ ಒಂದು ಎನ್ನುವ ಕ್ರಮದಲ್ಲಿ ಇದು ಹುಣ್ಣನ್ನು ಕಾಯುವುದಿಲ್ಲ.

ಮೂರು ವರ್ಷದ ಪಥ್ಯ

ಮನೆಯವರು ಹುಣ್ಣಿನ ವಿರುದ್ಧ ಕೈಕಟ್ಟಿ ಕೂತಿರಲಿಲ್ಲ. ಮೂರು ವರ್ಷದಿಂದ ಆ ಮನೆಯಲ್ಲಿ ಇವರೊಬ್ಬರಿಗೆ ಬೇರೆ ಅಡುಗೆ. ಮಿಡಿ ಉಪ್ಪಿನಕಾಯಿ ಇಲ್ಲ, ಸಾರಿಗೆ ಮೆಣಸಿಲ್ಲ, ಪುನರ್ಪುಳಿ ಶರಬತ್ತು ಕೂಡ ಹುಳಿಯೆಂದು ಬಂದ್. ಕುಚ್ಚಿಲಕ್ಕಿ ಗಂಜಿ, ಮಜ್ಜಿಗೆ. ರಾತ್ರಿ ಎರಡು ಗಂಟೆಗೆ ಉರಿಯಿಂದ ಎಚ್ಚರವಾದರೆ ಒಂದು ಲೋಟ ಬೆಚ್ಚನೆ ಹಾಲು. ಹಾಲು ಕುಡಿದರೆ ಅರ್ಧ ಗಂಟೆ ಆರಾಮ, ಮತ್ತೆ ಉರಿ. ಅಕ್ಕ ಅದನ್ನು ಹೇಳುವಾಗ, ಎಷ್ಟು ಜಾಗ್ರತೆ ಮಾಡಿದೆವು ಎಂಬ ನೋವು ಅವರ ದನಿಯಲ್ಲಿತ್ತು.

ಬರಿಹೊಟ್ಟೆಯಲ್ಲಿ, ನಡುರಾತ್ರಿ ಎಬ್ಬಿಸುವ, ತಿಂದರೆ ಅಥವಾ ಕುಡಿದರೆ ತಗ್ಗುವ ಉರಿ ಸಣ್ಣಕರುಳಿನ ಮೊದಲ ಭಾಗದ ಹುಣ್ಣಿನದ್ದೆಂದು ಹಳೆಯ ವೈದ್ಯರೂ ಗುರುತಿಸುತ್ತಿದ್ದರು. ಎಲ್ಲರಿಗೂ ಅದು ಹಾಗೇ ಇರುವುದಿಲ್ಲ, ಇವರಿಗೆ ಇತ್ತು. ಹಾಲು ಆಮ್ಲವನ್ನು ಕ್ಷಣಕಾಲ ತಗ್ಗಿಸುತ್ತದೆ, ಆಮೇಲೆ ಅದರ ಪ್ರೋಟೀನು ಮತ್ತು ಕ್ಯಾಲ್ಸಿಯಂ ಜಠರಕ್ಕೆ ಇನ್ನಷ್ಟು ಆಮ್ಲ ಸುರಿಸಲು ಹೇಳುತ್ತವೆ. ಈ ನಂಬಿಕೆ ನಮ್ಮ ಊರಿನದ್ದಷ್ಟೇ ಅಲ್ಲ. 1915ರಲ್ಲಿ ಶಿಕಾಗೊದ ಬರ್ಟ್ರಾಮ್ ಸಿಪ್ಪಿ ಎಂಬ ವೈದ್ಯರು ಗಂಟೆಗೊಮ್ಮೆ ಹಾಲು ಮತ್ತು ಕೆನೆ ಕೊಡುವ ಪಥ್ಯವನ್ನು ಹೇಳಿದರು, ಅದು ದಶಕಗಳ ಕಾಲ ಆಸ್ಪತ್ರೆಗಳಲ್ಲೇ ನಡೆಯಿತು. ಮೆಣಸಿನ ಖಾರ ಹುಣ್ಣು ಮಾಡುವುದಿಲ್ಲ. ಹುಣ್ಣಿದ್ದವರಿಗೆ, ಅಥವಾ ಹುಣ್ಣೇ ಇಲ್ಲದೆ ಹೊಟ್ಟೆ ಸೂಕ್ಷ್ಮ ಇರುವವರಿಗೆ, ಅದು ಉರಿ ತರಬಹುದು. ಉರಿ ಬಂದರೆ ಬಿಡಿ, ಬಾರದಿದ್ದರೆ ತಿನ್ನಿ, ಅಷ್ಟೆ. ಹೊಗೆಸೊಪ್ಪಿನ ಬೀಡಿ, ಸಿಗರೇಟು ಬೇರೆ ಮಾತು. ಅದು ಹುಣ್ಣು ಮಾಯುವುದನ್ನು ನಿಧಾನಿಸುತ್ತದೆ, ಮಾಯ್ದದ್ದನ್ನು ಮರುಕಳಿಸುತ್ತದೆ. ಇವರಿಗೆ ಆ ಅಭ್ಯಾಸ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು, ಪಥ್ಯ ಎಲ್ಲರ ಗಮನವನ್ನೂ ತಟ್ಟೆಯ ಮೇಲೆ ನಿಲ್ಲಿಸಿದ್ದು. ಉಪ್ಪಿನಕಾಯಿಯ ಜಾಡಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದ ಮನೆಯಲ್ಲಿ ಅಸಿಕ್ಲೋಫೆನಾಕಿನ ಪಟ್ಟಿ ಊಟದ ಮೇಜಿನ ಮೇಲೆಯೇ ಇತ್ತು.

ಮಂಗಳೂರಿನಲ್ಲಿ

ಆಸ್ಪತ್ರೆ ತಲುಪಿದ ದಿನ ರಾತ್ರಿಯೇ ಎರಡು ಬಾಟಲಿ ರಕ್ತ ಕೊಡಲು ಶುರು ಮಾಡಿದರು. ಸಾಮಾನ್ಯವಾಗಿ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ ಮಾತ್ರ ರಕ್ತ ಕೊಡುವುದು. ಹೃದಯದ ತೊಂದರೆ ಇದ್ದವರಿಗೆ 8ರಲ್ಲೇ ಕೊಡುತ್ತಾರೆ. ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟರೆ ಒಳಗಿನ ರಕ್ತಸ್ರಾವ ಮರುಕಳಿಸುವ ಭಯವೂ ಇದೆ. ಮರುದಿನ, ಬಂದು 24 ತಾಸು ಆಗುವ ಮೊದಲೇ, ಎಂಡೋಸ್ಕೋಪಿ ಆಯಿತು. ಸಣ್ಣಕರುಳಿನ ಮೊದಲ ಭಾಗದ ಹಿಂಗೋಡೆಯಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ದೊಡ್ಡ ಹುಣ್ಣು, ಅದರ ತಳದಲ್ಲಿ ಕಡ್ಡಿಯ ತುದಿಯಂತೆ ಎದ್ದು ನಿಂತ ಒಂದು ರಕ್ತನಾಳ. ಆ ಹೊತ್ತಿಗೆ ಒಸರು ನಿಂತಿತ್ತು. ಆದರೆ ಹೀಗೆ ಕಾಣುವ ನಾಳ ಚಿಕಿತ್ಸೆ ಇಲ್ಲದಿದ್ದರೆ ಮತ್ತೆ ಒಡೆಯುವ ಸಂಭವ ಬಹಳ. ಹಿಂಗೋಡೆಯ ಹಿಂದೆಯೇ ಒಂದು ದೊಡ್ಡ ಅಪಧಮನಿ ಹಾದುಹೋಗುವುದರಿಂದ ಅಲ್ಲಿಯ ಹುಣ್ಣಿಗೆ ಎಲ್ಲರೂ ಹೆದರುತ್ತಾರೆ. ಸುತ್ತ ಅಡ್ರಿನಲಿನ್ ಚುಚ್ಚಿ, ನಾಳದ ಮೇಲೆ ಲೋಹದ ಕ್ಲಿಪ್ ಹಾಕಿದರು. ಮುಂದಿನ 72 ತಾಸು ಪ್ಯಾಂಟೊಪ್ರಜೋಲ್ ಡ್ರಿಪ್: ಆಮ್ಲ ಇಲ್ಲದಲ್ಲಿ ರಕ್ತದ ಹೆಪ್ಪು ಕರಗದೆ ನಿಲ್ಲುತ್ತದೆ.

ಅದೇ ಸಮಯದಲ್ಲಿ ಜಠರದಿಂದ ಚಿಟಿಕೆ ತುಣುಕು ತೆಗೆದು ಹೆಲಿಕೋಬ್ಯಾಕ್ಟರ್ ಪೈಲೊರಿ ಇದೆಯೇ ಎಂದು ಬಣ್ಣ ಬದಲಾಗುವ ತುರ್ತುಪರೀಕ್ಷೆ ಮಾಡಿದರು. "ಇಲ್ಲ" ಎಂದು ಬಂತು. ಇಲ್ಲಿಯೇ ಎಷ್ಟೋ ಪ್ರಕರಣಗಳ ಕಡತ ಮುಚ್ಚಿಹೋಗುತ್ತದೆ. ರಕ್ತಸ್ರಾವದ ಸಮಯದಲ್ಲಿ, ಅದರಲ್ಲೂ ಪ್ಯಾಂಟೊಪ್ರಜೋಲ್ ನಡೆಯುತ್ತಿರುವಾಗ, ಈ ಪರೀಕ್ಷೆಯ "ಇಲ್ಲ" ಎನ್ನುವುದನ್ನು ನಂಬುವ ಹಾಗಿಲ್ಲ. ಅಲ್ಲಿನ ವೈದ್ಯರು ಅದನ್ನು ಒಪ್ಪದೆ, ಬೇರೆ ತುಣುಕನ್ನು ಸೂಕ್ಷ್ಮದರ್ಶಕಕ್ಕೆ ಕಳಿಸಿದ್ದರು. ಐದನೇ ದಿನ ವರದಿ ಬಂತು, ಲೋಳೆಯ ಪದರದಲ್ಲಿ ಬಾಗಿದ ಕಡ್ಡಿಗಳಂಥ ಬ್ಯಾಕ್ಟೀರಿಯಾ ಇದ್ದವು.

ಮಾತ್ರೆಯ ಹುಣ್ಣೋ ಬ್ಯಾಕ್ಟೀರಿಯಾದ ಹುಣ್ಣೋ ಎಂದು ಮಗ ಕೇಳಿದ. ಎರಡರದ್ದೂ ಎನ್ನುವುದೇ ಸರಿ. ಮೂರು ವರ್ಷದ ನಡುರಾತ್ರಿಯ ಉರಿಗೆ ಬ್ಯಾಕ್ಟೀರಿಯಾ ಕಾರಣವಾಗಿರಬೇಕು, ಎರಡು ತಿಂಗಳ ಅಸಿಕ್ಲೋಫೆನಾಕ್ ಅದನ್ನು ರಕ್ತಸ್ರಾವದ ತನಕ ತಂದಿತು. ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂಬ ಮಾತನ್ನು ಒಂದು ಕಾಲಕ್ಕೆ ವೈದ್ಯರೂ ನಂಬಿರಲಿಲ್ಲ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು.

ಆಸ್ಪಿರಿನ್ ಏನು ಮಾಡುವುದು ಎಂಬುದು ಮನೆಯವರ ದೊಡ್ಡ ಚಿಂತೆ. "ಇನ್ನು ಅದನ್ನು ಮುಟ್ಟಿಸುವುದೇ ಬೇಡ" ಎಂದು ಅಕ್ಕ ಹೇಳಿದ್ದರು. ಹಾಗೆ ಮಾಡುವುದು ಅಪಾಯ. 2010ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಒಂದು ಅಧ್ಯಯನದಲ್ಲಿ, ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಗೆ ಆಸ್ಪಿರಿನ್ ತಿನ್ನುತ್ತಿದ್ದು ಹುಣ್ಣಿನಿಂದ ರಕ್ತಸ್ರಾವವಾದ 156 ಮಂದಿಯಲ್ಲಿ ಕೆಲವರಿಗೆ ಎಂಡೋಸ್ಕೋಪಿ ಚಿಕಿತ್ಸೆಯ ಬೆನ್ನಿಗೇ ಆಸ್ಪಿರಿನ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಕೊಟ್ಟವರಲ್ಲಿ ಮರು-ರಕ್ತಸ್ರಾವ ತುಸು ಹೆಚ್ಚು ಕಂಡಿತು. ಆದರೆ ಎಂಟು ವಾರದೊಳಗೆ ಸತ್ತವರ ಪ್ರಮಾಣ ಅವರಲ್ಲಿ ಶೇಕಡಾ 1.3, ನಿಲ್ಲಿಸಿದವರಲ್ಲಿ 12.9. ಸ್ಟೆಂಟ್ ಇರುವ ನಮ್ಮ ಯಜಮಾನರಿಗೆ ಮೂರನೇ ದಿನ ಆಸ್ಪಿರಿನ್ ಮತ್ತೆ ಶುರುವಾಯಿತು. ಕೈಬಿಡಬೇಕಾಗಿದ್ದದ್ದು ಅಸಿಕ್ಲೋಫೆನಾಕ್ ಒಂದೇ.

ಹದಿನಾಲ್ಕು ದಿನ

ಆರನೇ ದಿನ ಮನೆಗೆ ಬಂದರು. ಬ್ಯಾಕ್ಟೀರಿಯಾ ತೆಗೆಯುವ ಚಿಕಿತ್ಸೆ ಹದಿನಾಲ್ಕು ದಿನದ್ದು: ಪ್ಯಾಂಟೊಪ್ರಜೋಲ್ 40 ದಿನಕ್ಕೆರಡು, ತಿಂಡಿ ಮತ್ತು ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು. ಜೊತೆಗೆ ಬಿಸ್ಮತ್, ಟೆಟ್ರಾಸೈಕ್ಲಿನ್ 500, ಮೆಟ್ರೊನಿಡಜೋಲ್ 400, ಮೂರೂ ದಿನಕ್ಕೆ ನಾಲ್ಕು ಬಾರಿ. ಕ್ಲಾರಿಥ್ರೊಮೈಸಿನ್ ಇರುವ ಏಳು ದಿನದ ಹಳೆಯ ಕಿಟ್ ಸುಲಭ, ಆದರೆ ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಬಹಳ ಹೆಚ್ಚಿವೆ. ದಿನಕ್ಕೆ ಹದಿನಾಲ್ಕು ಮಾತ್ರೆ ಎಂದರೆ ಯಾರಿಗೂ ಸಾಕಾಗುತ್ತದೆ. ಬಾಯಲ್ಲಿ ಲೋಹದ ರುಚಿ, ವಾಕರಿಕೆ, ಸುಸ್ತು ಬರುತ್ತದೆ. ಅರ್ಧದಲ್ಲಿ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಹೊತ್ತುಹೊತ್ತಿನ ಮಾತ್ರೆಯನ್ನು ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಗುರುತಿಸಲು ಹೇಳಿದೆ.

ಒಂದು ಮಾತನ್ನು ಎರಡು ಸಲ ಹೇಳಬೇಕಾಯಿತು: ಟೆಟ್ರಾಸೈಕ್ಲಿನ್ ಜೊತೆಗೆ ಹಾಲು ಕೂಡದು, ಕಬ್ಬಿಣದ ಮಾತ್ರೆಯೂ ಕೂಡದು. ಕ್ಯಾಲ್ಸಿಯಮ್ಮೂ ಕಬ್ಬಿಣವೂ ಅದನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಹೊಟ್ಟೆಗೆ ತಂಪಾಗಲೆಂದು ಪ್ರತಿ ಮಾತ್ರೆಗೂ ಒಂದು ಲೋಟ ಹಾಲು ಕೊಡುವ ಅಕ್ಕನ ಪದ್ಧತಿ ಇಲ್ಲಿ ಚಿಕಿತ್ಸೆಯನ್ನೇ ಕೆಡಿಸುತ್ತಿತ್ತು. ಕಬ್ಬಿಣವನ್ನು ಹದಿನಾಲ್ಕು ದಿನದ ಮೇಲೆ ಶುರು ಮಾಡುವುದೆಂದು ನಿಲ್ಲಿಸಿದೆವು.

ನಾಲ್ಕನೇ ರಾತ್ರಿ ಹತ್ತು ಗಂಟೆಗೆ ಅಕ್ಕನ ಫೋನು. "ಡಾಕ್ಟ್ರೇ, ಪುನಃ ಕಪ್ಪು ಹೋಯ್ತು. ಕಬ್ಬಿಣ ಕೊಡ್ತಾ ಇಲ್ಲ." ಬಿಸ್ಮತ್ ಕೂಡ ಮಲವನ್ನು ಕಪ್ಪಾಗಿಸುತ್ತದೆ. ಇದನ್ನು ಮುಂಚೆಯೇ ಹೇಳಿದ್ದೆ, ಭಯದಲ್ಲಿ ಯಾರಿಗೆ ನೆನಪಿರುತ್ತದೆ? ಆದರೂ ಅದು ಬಿಸ್ಮತ್ತಿನದ್ದೇ ಎಂದು ಫೋನಿನಲ್ಲಿ ಹೇಳಿಬಿಡುವುದು ಸರಿಯಲ್ಲ, ಮೊದಲ ಸಲ ಎಲ್ಲರೂ ಮಾಡಿದ್ದು ಅದನ್ನೇ. ನೀರು ಹೊಯ್ದಾಗ ಹೋಯಿತೇ ಎಂದೆ. ಒಂದೇ ಸಲಕ್ಕೆ ಹೋಯಿತು, ಗಟ್ಟಿಯಾಗಿತ್ತು. ವಾಸನೆ? ಎಂದಿನದ್ದೇ. ಎದ್ದು ನಿಂತರೆ ತಲೆ ತಿರುಗುತ್ತದೆಯೇ, ಬೆವರು, ಎದೆ ಹಿಡಿದಂತೆ, ಉಸಿರುಕಟ್ಟು ಇದೆಯೇ? ಇಲ್ಲ, ಈಗಷ್ಟೇ ಅಂಗಳದಲ್ಲಿ ನಡೆದಾಡಿ ಬಂದರು. ಬೆಳಿಗ್ಗೆ ರಕ್ತ ಪರೀಕ್ಷೆ ಮಾಡಿಸೋಣ, ಇದರಲ್ಲಿ ಒಂದು ಬದಲಾದರೂ ರಾತ್ರಿಯೇ ಹೊರಡಿ ಎಂದೆ. ಬೆಳಿಗ್ಗೆ ಹಿಮೋಗ್ಲೋಬಿನ್ 9.4, ಬಿಡುಗಡೆಯ ದಿನ ಇದ್ದದ್ದೇ. ಯೂರಿಯಾ 28.

ಹದಿನಾಲ್ಕು ದಿನ ಮುಗಿಸಿದರು. ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ನೋಡುವ ಪರೀಕ್ಷೆಯನ್ನು ಆಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಬಿಟ್ಟೇ ಮಾಡಬೇಕು, ಪರೀಕ್ಷೆಗೆ ಹಿಂದಿನ ಎರಡು ವಾರ ಪ್ಯಾಂಟೊಪ್ರಜೋಲ್ ಕೂಡ ಇರಬಾರದು. ಆಸ್ಪಿರಿನ್ ನಡೆಯುವ ಮನುಷ್ಯನನ್ನು ಎರಡು ವಾರ ರಕ್ಷಣೆಯಿಲ್ಲದೆ ಬಿಡಲು ನನಗೆ ಧೈರ್ಯ ಇರಲಿಲ್ಲ. ಆದ್ದರಿಂದ ಎಂಟು ವಾರ ಪ್ಯಾಂಟೊಪ್ರಜೋಲ್ ಕೊಟ್ಟು ಹುಣ್ಣು ಮಾಯಲು ಬಿಟ್ಟು, ಆ ಎರಡು ವಾರಕ್ಕೆ ಆಮ್ಲ ತಗ್ಗಿಸುವ ಇನ್ನೊಂದು ಔಷಧ ಫಾಮೊಟಿಡಿನ್‌ಗೆ ಬದಲಿಸಿದೆ. ಸೆಪ್ಟೆಂಬರ್ ಕೊನೆಯಲ್ಲಿ ಮಂಗಳೂರಿನಲ್ಲಿ ಉಸಿರಿನ ಪರೀಕ್ಷೆ ಮಾಡಿಸಿದೆವು. ಗುರುತು ಹಾಕಿದ ಯೂರಿಯಾ ಕುಡಿಸುತ್ತಾರೆ, ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆದು ಗುರುತಿನ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಸಿಗುತ್ತದೆ. ಸಿಗಲಿಲ್ಲ. ಹಿಮೋಗ್ಲೋಬಿನ್ 12.4. ಸಣ್ಣಕರುಳಿನ ಹುಣ್ಣಾದ್ದರಿಂದ ಮತ್ತೆ ಎಂಡೋಸ್ಕೋಪಿ ಬೇಕಾಗಲಿಲ್ಲ. ಹುಣ್ಣು ಜಠರದಲ್ಲೇ ಇದ್ದಿದ್ದರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಲು ಸಾಧಾರಣವಾಗಿ ಮತ್ತೊಮ್ಮೆ ನೋಡುತ್ತಾರೆ.

ಆಸ್ಪಿರಿನ್ ಇರುವಷ್ಟು ಕಾಲ ಬೆಳಿಗ್ಗೆ ತಿಂಡಿಗೆ ಮೊದಲು ಒಂದು ಪ್ಯಾಂಟೊಪ್ರಜೋಲ್ ಇರುತ್ತದೆ. ಗಂಟುನೋವಿಗೆ ಹಚ್ಚುವ ಜೆಲ್, ಪ್ಯಾರಾಸಿಟಮಾಲ್, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಮೊಣಕಾಲು ಪೂರ್ತಿ ಸರಿಯಾಗಿಲ್ಲ. ಈ ವರ್ಷ ಮದ್ದು ಬಿಡುವ ಕೆಲಸವನ್ನು ಮಗನಿಗೆ ಬಿಟ್ಟಿದ್ದಾರೆ. ಮಿಡಿ ಉಪ್ಪಿನಕಾಯಿಯ ಜಾಡಿ ಅಟ್ಟದಿಂದ ಇಳಿದಿದೆ.

ಮೊನ್ನೆ ಬಂದಾಗ ಅಕ್ಕ ಚೀಲದಿಂದ ಬೇರೆ ಹೆಸರಿನ, ಬೇರೆ ಬಣ್ಣದ ಒಂದು ಪಟ್ಟಿಯನ್ನು ತೆಗೆದು ನನ್ನ ಮುಂದಿಟ್ಟರು. ಪೇಟೆಯಲ್ಲಿ ಯಾರೋ ಗಂಟುನೋವಿಗೆ ಒಳ್ಳೆಯದೆಂದು ಕೊಟ್ಟದ್ದಂತೆ. ಇನ್ನೂ ತಿನ್ನಿಸಿರಲಿಲ್ಲ. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ಕೇಳಿದರು: "ಇದು ಅದೇ ಅಲ್ವಾ?"

ಅಸಿಕ್ಲೋಫೆನಾಕ್ 100. ಅದೇ.